ಕ್ಯಾಲೆಂಡರ್, ಶೀಟ್, ಕಾರ್ಡ್: ಕಾಶಿ ಪ್ರಯಾಣಕ್ಕೆ ಮೂರನ್ನೂ ಮಾಡಿ ನೋಡಿದೆ

ನವೆಂಬರ್‌ನಲ್ಲಿ ಅಪ್ಪ, ಅಮ್ಮ, ದೊಡ್ಡಮ್ಮನನ್ನು ಕರೆದುಕೊಂಡು ಕಾಸರಗೋಡಿನಿಂದ ಕಾಶಿಗೆ ಹೋಗಿದ್ದೆ. ಮಂಗಳೂರಿನಿಂದ ವಿಮಾನ, ಕಾಶಿಯಿಂದ ದೆಹಲಿಗೆ ರೈಲು, ಅಲ್ಲಿಂದ ವಿಮಾನದಲ್ಲಿ ವಾಪಸ್. ಟಿಕೆಟ್, ಹೋಟೆಲ್, ಹಣ ಕಟ್ಟಿದ ರಸೀದಿ ಎಲ್ಲ ಸೇರಿ ಒಂಬತ್ತು ಇಮೇಲ್ ಬಂದಿದ್ದವು. ಜೊತೆಗೆ ನಾನೇ ಬರೆದ ಎರಡು ಪುಟದ ಯೋಜನೆ. ಇವನ್ನೆಲ್ಲ ಒಂದೇ ಕಡೆ ತರಲು ಮೂರು ದಾರಿ ಹಿಡಿದು ನೋಡಿದೆ.

ಮೊದಲನೆಯದು ಫೋನಿನ ಕ್ಯಾಲೆಂಡರ್. ಇಮೇಲ್ ಓದಿ ತಾನೇ ತುಂಬಿಸಿಕೊಳ್ಳುವ ಸೌಲಭ್ಯ ಅದರಲ್ಲಿತ್ತು. ವಿಮಾನ, ಹೋಟೆಲ್ ಬಂದು ಕೂತವು, ರೈಲು ಬರಲಿಲ್ಲ. ಟಿಕೆಟ್ ಪಿಡಿಎಫ್ ಆಗಿ ಬಂದಿದ್ದಕ್ಕೆ ಇರಬೇಕು. ಅದನ್ನು ಕೈಯಲ್ಲೇ ಸೇರಿಸಿದೆ. ಹೊತ್ತಿಗೆ ಸರಿಯಾಗಿ ನೆನಪಿಸುವುದರಲ್ಲಿ ಇದನ್ನು ಮೀರಿಸುವುದು ಇಲ್ಲ. ಆದರೆ ಅದು ಇದ್ದದ್ದು ನನ್ನ ಫೋನಿನಲ್ಲಿ ಮಾತ್ರ. ದೊಡ್ಡಮ್ಮನಿಗೆ ಅದರಿಂದ ಏನು ಪ್ರಯೋಜನ?

ಎರಡನೆಯದು ಶೀಟ್. ಒಂದು ಬುಕಿಂಗ್‌ಗೆ ಒಂದು ಸಾಲು: ತಾರೀಖು, ಹೊತ್ತು, ಎಲ್ಲಿಂದ ಎಲ್ಲಿಗೆ, ಪಿಎನ್‌ಆರ್, ಕಟ್ಟಿದ ಹಣ. ಇಲ್ಲಿ ಒಂದು ತಪ್ಪು ಸಿಕ್ಕಿತು. ವಿಮಾನದ ಟಿಕೆಟ್ ಏಜೆಂಟ್ ಮೂಲಕ ತೆಗೆದದ್ದು. ಇಮೇಲಿನ ತಲೆಯಲ್ಲಿ ದೊಡ್ಡದಾಗಿ ಇದ್ದ ಉದ್ದದ ನಂಬರ್ ಏಜೆಂಟರದ್ದು. ವಿಮಾನದ ಕೌಂಟರಿನಲ್ಲಿ ಬೇಕಾಗುವುದು ಆರು ಅಕ್ಷರ-ಅಂಕಿಯ ಪಿಎನ್‌ಆರ್, ಅದು ಕೆಳಗೆ ಸಣ್ಣದಾಗಿ ಇತ್ತು. ರೈಲಿನದ್ದು ಹತ್ತು ಅಂಕಿ. ಸಾಲಾಗಿ ಇಟ್ಟು ನೋಡಿದರೆ ಯಾವುದು ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ.

ಆದರೆ ಶೀಟ್‌ನಲ್ಲಿ ಬರುವುದು ದುಡ್ಡು ಕೊಟ್ಟು ತೆಗೆದದ್ದು ಮಾತ್ರ. ಮಧ್ಯದ ಖಾಲಿ ಹೊತ್ತಿಗೆ ಯಾರೂ ಇಮೇಲ್ ಕಳಿಸುವುದಿಲ್ಲ ಅಲ್ವಾ? ಅದು ಕಂಡದ್ದು ಕಾರ್ಡ್ ಬರೆಯಲು ಕೂತಾಗ.

ಮೂರನೆಯದು ಆ ಕಾರ್ಡ್: ಅರ್ಧ ಎ4 ಹಾಳೆ, ದಿನಕ್ಕೊಂದು ಚೌಕ. ರೈಲಿನ ಟಿಕೆಟ್‌ನಲ್ಲಿ ಇದ್ದದ್ದು 14ನೇ ತಾರೀಖು, 00:35. ಮೊದಲು ನಾನದನ್ನು ಟಿಕೆಟ್‌ನಲ್ಲಿದ್ದ ಹಾಗೇ 14ರ ಚೌಕದಲ್ಲಿ ಬರೆದೆ. ದೊಡ್ಡಮ್ಮ ಓದಿ, "ಹಾಗಾದರೆ ಶುಕ್ರವಾರ ರಾತ್ರಿ ಊಟ ಮಾಡಿ ಹೊರಟರೆ ಸಾಕಲ್ಲ ಮಗಾ?" ಎಂದರು. ಹಾಗೆ ಹೋಗಿದ್ದರೆ ರೈಲು ಹೋಗಿ ಒಂದು ದಿನ ಆಗಿರುತ್ತಿತ್ತು. ನಡುರಾತ್ರಿ ದಾಟಿದ ಕೂಡಲೇ ತಾರೀಖು ಬದಲಾಗುತ್ತದೆ, ಆದರೆ ನಮ್ಮ ಮಟ್ಟಿಗೆ ಅದು ಗುರುವಾರದ ರಾತ್ರಿಯೇ. ಹಾಗಾಗಿ 13ರ ಚೌಕಕ್ಕೆ ತಂದೆ.

ತಂದ ಮೇಲೆ ಇನ್ನೊಂದು ಕಂಡಿತು. ಕಾಶಿಯ ಹೋಟೆಲ್ 13ರ ಬೆಳಿಗ್ಗೆ 11ಕ್ಕೆ ಖಾಲಿ ಮಾಡಬೇಕು. ರೈಲು ರಾತ್ರಿ 00:35ಕ್ಕೆ. ಹದಿಮೂರು ಗಂಟೆಗೂ ಜಾಸ್ತಿ ಹೊತ್ತು ಮೂವರು ಹಿರಿಯರು, ಐದು ಚೀಲ, ರೂಮಿಲ್ಲ! ಶೀಟ್‌ನಲ್ಲಿ ಆ ಎರಡು ಸಾಲು ಒಂದರ ಕೆಳಗೊಂದು ಇದ್ದವು, ನನಗೆ ಹೊಳೆದಿರಲಿಲ್ಲ. ಹೋಟೆಲಿಗೆ ಫೋನ್ ಮಾಡಿ ಒಂದು ರೂಮನ್ನು ಇನ್ನೊಂದು ರಾತ್ರಿಗೆ ಇಟ್ಟುಕೊಂಡೆ. ಕೊನೆಗೆ ಆ ಚೌಕ ಹೀಗಾಯಿತು:

13 ಗುರುವಾರ, ಕಾಶಿ
ಬೆಳಿಗ್ಗೆ 11: ಒಂದು ರೂಮ್ ಬಿಡುವುದು, ಚೀಲ ಎಲ್ಲ ಇನ್ನೊಂದರಲ್ಲಿ
ರಾತ್ರಿ 8: ಊಟ, ಮಾತ್ರೆ
ರಾತ್ರಿ 11: ಹೋಟೆಲಿನಿಂದ ಹೊರಡುವುದು
ನಡುರಾತ್ರಿ 12:35: ದೆಹಲಿ ರೈಲು (ಟಿಕೆಟ್‌ನಲ್ಲಿ ತಾರೀಖು 14)

ಕಾರ್ಡ್‌ನಲ್ಲಿ ದೊಡ್ಡದಾಗಿ ಬರೆಯಬೇಕಾದದ್ದು ವಿಮಾನದ ಹೊತ್ತಲ್ಲ, ಮನೆ ಬಿಡುವ ಹೊತ್ತು. ಹೋಗುವ ದಿನ ಮಂಗಳೂರಿನಿಂದ ವಿಮಾನ 9:40ಕ್ಕೆ. ಕೌಂಟರ್ ಒಂದು ಗಂಟೆ ಮುಂಚೆ ಮುಚ್ಚುತ್ತದೆ, ಅಂದರೆ 8:40. ವಯಸ್ಸಾದವರಿದ್ದಾರೆ, 7:40ಕ್ಕೆ ಅಲ್ಲಿರಬೇಕು. ತಲಪಾಡಿ ದಾಟಿ ಹೋಗಲು ಎರಡು ಗಂಟೆ ಇಟ್ಟೆ. ಹಾಗಾಗಿ ಮೊದಲ ಸಾಲು: "5:30ಕ್ಕೆ ಕಾರಿನಲ್ಲಿ". ಹಣದ ಲೆಕ್ಕ, ರದ್ದು ಮಾಡುವ ನಿಯಮ ಯಾವುದೂ ಕಾರ್ಡ್‌ಗೆ ಬೇಡ, ಅವು ಶೀಟ್‌ನಲ್ಲೇ ಇರಲಿ. ಹೋಟೆಲಿನ ಹೆಸರು, ವಿಳಾಸವನ್ನು ಮಾತ್ರ ಹಿಂದಿಯಲ್ಲೂ ಬರೆದೆ. ಕಾಶಿಯಲ್ಲಿ ಅಪ್ಪ ಅದನ್ನು ರಿಕ್ಷಾದವನಿಗೆ ತೋರಿಸಿ ಒಬ್ಬರೇ ವಾಪಸ್ ಬಂದರು.

ನನ್ನ ಆಯ್ಕೆ ಕಾರ್ಡ್, ಆದರೆ ಶೀಟ್ ನೋಡಿ ಬರೆದ ಕಾರ್ಡ್. ನೇರ ಇಮೇಲ್ ನೋಡಿ ಬರೆದರೆ ಹಳೇ ಹೊತ್ತು ನುಸುಳುತ್ತದೆ. ನಮ್ಮ ವಾಪಸ್ ವಿಮಾನದ ಹೊತ್ತು ಬದಲಾಗಿ ಹೊಸ ಇಮೇಲ್ ಬಂದಿತ್ತು, ಹಳೆಯದೂ ಪಕ್ಕದಲ್ಲೇ ಇತ್ತು. ಕಾಗದಕ್ಕೆ ತಾನಾಗಿ ತಿದ್ದಿಕೊಳ್ಳಲು ಬರುವುದಿಲ್ಲ. ಅದಕ್ಕೇ ಕಾರ್ಡಿನ ಕೆಳಗೆ "8ನೇ ತಾರೀಖು ರಾತ್ರಿ ನೋಡಿ ಬರೆದದ್ದು" ಅಂತ ಹಾಕಿದ್ದೆ. ಆಮೇಲೆ ಬಂದ ಇಮೇಲ್ ಮಾತ್ರ ಮತ್ತೆ ನೋಡಿದರೆ ಸಾಕಿತ್ತು. 9ರಂದು ಒಂದು ಬಂತು, ದೆಹಲಿಯ ಟರ್ಮಿನಲ್ ಬದಲಾಗಿತ್ತು. ನಾಲ್ಕು ಪ್ರತಿಯಲ್ಲೂ ಕೆಂಪು ಪೆನ್ನಿನಲ್ಲಿ ತಿದ್ದಿ, ಒಬ್ಬೊಬ್ಬರ ಕೈಗೆ ಕೊಟ್ಟೆ.