5 ತಿಂಗಳಲ್ಲಿ 19 ಇಲಿ ಹಿಡಿದೆ, ಒಂದೂ ಕಡಿಮೆಯಾಗಲಿಲ್ಲ

ನಮ್ಮದು ತಿಪಟೂರು ಕಡೆಯ ಹಳೆ ಮನೆ. ಅಟ್ಟದ ತುಂಬ ಕಾಯಿ. ಈ ಕಡೆಯವರಿಗೆ ಗೊತ್ತಿರುತ್ತೆ, ಉಂಡೆ ಕೊಬ್ಬರಿ ಆಗಬೇಕು ಅಂದರೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲೇ ಕೂರಬೇಕು. ಹೋದ ವರ್ಷ ಯುಗಾದಿ ಕಳೆದ ಮೇಲೆ ರಾತ್ರಿ ಹೊತ್ತು ಅಟ್ಟದಲ್ಲಿ ದಡಬಡ ಓಡಾಟ ಶುರುವಾಯಿತು. ಒಂದೋ ಎರಡೋ ಇರಬೇಕು ಅಂತ ಸಂತೆಯಿಂದ ಒಂದು ಬೋನು ತಂದು, ಕೊಬ್ಬರಿ ಚೂರು ಸುಟ್ಟು ಸಿಕ್ಕಿಸಿ ಇಟ್ಟೆ. ಮೊದಲ ರಾತ್ರಿಯೇ ಒಂದು ಬಿತ್ತು. ಖುಷಿಯೋ ಖುಷಿ.

ಬಿದ್ದದ್ದಕ್ಕೆಲ್ಲ ಕ್ಯಾಲೆಂಡರಿನಲ್ಲಿ ಗೀಟು ಹಾಕುತ್ತಾ ಬಂದೆ. ಗಣೇಶನ ಹಬ್ಬದ ಹೊತ್ತಿಗೆ 19 ಗೀಟು. ಮೂಷಿಕ ವಾಹನನ ಹಬ್ಬಕ್ಕೆ ಮೂಷಿಕಗಳ ಲೆಕ್ಕ ಅಂತ ಅತ್ತೆ ನಗುತ್ತಿದ್ದರು. ಆದರೆ ಓಡಾಟ ಮಾತ್ರ ಯುಗಾದಿಯಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು. ಒಂದು ವಿಷಯ ಆಗಲೇ ಗಮನಿಸಬೇಕಿತ್ತು. ಬೋನಿಗೆ ಬಿದ್ದವು ಬಹುಪಾಲು ಚಿಕ್ಕವು. ದೊಡ್ಡ ಹೆಣ್ಣಿಲಿಗಳು ಹೊಸ ವಸ್ತು ಕಂಡರೆ ಎಷ್ಟೋ ದಿನ ಹತ್ತಿರ ಸುಳಿಯುವುದಿಲ್ಲ, ಮರಿಗಳಿಗೆ ಆ ಬುದ್ಧಿ ಇರುವುದಿಲ್ಲ. ಅಂದರೆ ನಾನು ಹಿಡಿಯುತ್ತಿದ್ದದ್ದು ಬೆಳೆ. ಬೀಜ ಅಟ್ಟದಲ್ಲೇ ಇತ್ತು.

ಲೆಕ್ಕ ಹಾಕಿ ನೋಡಿ, ನಾನು ಹಾಕಿದ್ದು ತುಂಬಾ ತಡವಾಗಿ. ಮನೆ ಇಲಿಯ ಬಸಿರು ಸುಮಾರು 22 ದಿನ. ಒಂದು ಸೂಲಿಗೆ ಐದಾರು ಮರಿ, ಕೆಲವು ಸಲ ಎಂಟು. ಹೆತ್ತ ಒಂದೆರಡು ದಿನದಲ್ಲೇ ಮತ್ತೆ ಗಬ್ಬ ಕಟ್ಟಬಲ್ಲದು. ಮರಿ ಮೂರು ತಿಂಗಳಿಗೆ ತಾನೇ ತಾಯಿ. ಈಗ ಅಟ್ಟದಲ್ಲಿ 20 ಇಲಿ ಇವೆ ಅಂದುಕೊಳ್ಳಿ. ತಿಂಗಳಿಗೆ ನಾಲ್ಕು ಹಿಡಿದೆ, 16 ಉಳಿದವು, ಅದರಲ್ಲಿ ಎಂಟು ಹೆಣ್ಣು. ಎಲ್ಲವೂ ಹೆರುವುದು ಬೇಡ, ಮೂರು ಮಾತ್ರ ಆರಾರು ಮರಿ ಹಾಕಿದವು ಅನ್ನಿ. ಹದಿನೆಂಟು. ಅದರಲ್ಲಿ ಹನ್ನೆರಡು ಬೆಕ್ಕಿಗೋ ಹಸಿವಿಗೋ ಸತ್ತರೂ ಆರು ಉಳಿಯಿತು. ಕಳೆದದ್ದು ನಾಲ್ಕು, ಕೂಡಿದ್ದು ಆರು.

ಹಾಗಾದರೆ ಮನೆ ತುಂಬ ಸಾವಿರ ಇಲಿ ಆಗಬೇಕಿತ್ತಲ್ಲ ಅಂತ ಕೇಳಬಹುದು. ಒಂದು ಜೋಡಿಯಿಂದ ವರ್ಷಕ್ಕೆ ಸಾವಿರ ಅಂತ ಹೆದರಿಸುವವರೂ ಇದ್ದಾರೆ, ಅದು ಕಾಗದದ ಮೇಲಿನ ಲೆಕ್ಕ. ಹಾಗೆ ಆಗದಿರುವುದಕ್ಕೆ ಕಾರಣ ಊಟ. 150 ಗ್ರಾಂ ತೂಗುವ ಇಲಿಗೆ ದಿನಕ್ಕೆ ಸುಮಾರು 15 ಗ್ರಾಂ ತಿನ್ನಲು ಬೇಕು. ಮನೆಯಲ್ಲಿ ಎಷ್ಟು ಸಿಗುತ್ತದೋ ಅಷ್ಟು ಇಲಿ ನಿಲ್ಲುತ್ತವೆ, ಮಿಕ್ಕವು ಸಾಯುತ್ತವೆ ಇಲ್ಲವೇ ಹೋಗುತ್ತವೆ. ನೀವು ನಾಲ್ಕನ್ನು ಕೊಂದರೆ ಆ ನಾಲ್ಕರ ಪಾಲಿನ ಊಟ ಹಾಗೇ ಉಳಿಯಿತು ತಾನೇ? ಸಾಯಬೇಕಿದ್ದ ಮರಿಗಳು ಅದನ್ನು ತಿಂದು ಬದುಕುತ್ತವೆ, ಪಕ್ಕದ ಖಾಲಿ ಸೈಟಿನಿಂದಲೂ ಬರುತ್ತವೆ. ಅಮೆರಿಕದ ಬಾಲ್ಟಿಮೋರ್ ಊರಿನಲ್ಲಿ 1940ರ ದಶಕದಲ್ಲಿ ಡೇವಿಡ್ ಡೇವಿಸ್ ಮತ್ತು ಜೊತೆಯವರು ಇದನ್ನೇ ಬೀದಿ ಬೀದಿಯಲ್ಲಿ ಎಣಿಸಿ ನೋಡಿದ್ದರು. ಅಲ್ಲಿನದು ಬೇರೆ ಜಾತಿಯ ಇಲಿ, ಆದರೆ ಕಥೆ ಒಂದೇ. ಬರೀ ಹಿಡಿದು ತೆಗೆದ ಕಡೆ ಸಂಖ್ಯೆ ಮತ್ತೆ ಮೇಲೇರಿತು, ಕಸ ಮತ್ತು ಅಡಗುವ ಜಾಗ ಸರಿಮಾಡಿದ ಕಡೆ ಇಳಿದು ಕೆಳಗೇ ನಿಂತಿತು.

ಇದು ಗೊತ್ತಿಲ್ಲದೆ ನಾನು ಮಾಡಿದ ಇನ್ನೊಂದು ತಪ್ಪು, ವಿಷ. ಮೊದಲು ಕಪ್ಪು ಪುಡಿ, ಅಂದರೆ ಜಿಂಕ್ ಫಾಸ್ಫೈಡ್, ಬೋಂಡಾದೊಳಗೆ ಇಟ್ಟೆ. ಎರಡು ಸತ್ತವು. ಸ್ವಲ್ಪ ಕಚ್ಚಿ ಹೊಟ್ಟೆ ಕೆಟ್ಟು ಬದುಕಿಕೊಂಡವು ಆಮೇಲೆ ಅದರತ್ತ ತಿರುಗಿಯೂ ನೋಡಲಿಲ್ಲ. ನಂತರ ಒಬ್ಬರನ್ನು ಕರೆಸಿದೆ, ದುಡ್ಡು ತಗೊಂಡು ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಿಲ್ಲೆಗಳನ್ನು ಅಟ್ಟದಲ್ಲಿ ಎರಚಿ ಹೋದರು. ಊಟ ಎಲ್ಲಿಂದ ಸಿಗುತ್ತಿದೆ ಅಂತ ಒಂದು ಮಾತೂ ಕೇಳಲಿಲ್ಲ. ವಾರ ಕಳೆದ ಮೇಲೆ ಅಟ್ಟದಲ್ಲಿ ಹೆಣದ ವಾಸನೆ, ಒಂದು ಬೆಳಗ್ಗೆ ನಮ್ಮ ನಾಯಿ ಬಾಯಲ್ಲಿ ತೂರಾಡುವ ಇಲಿ. ಪಶುವೈದ್ಯರ ಹತ್ತಿರ ಓಡಿ ವಿಟಮಿನ್ ಕೆ ಕೊಡಿಸಿದ್ದಾಯಿತು, ನಾಯಿ ಉಳಿಯಿತು. ಜಿಂಕ್ ಫಾಸ್ಫೈಡಿಗೂ, ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟಿಗೂ ಹಾಗೆ ಪ್ರತಿಮದ್ದು ಇಲ್ಲ. ಮಕ್ಕಳಿರುವ ಮನೆಗೆ ಅವನ್ನು ತರಲೇಬೇಡಿ.

ಕೊನೆಗೆ ಕಣ್ಣು ತೆರೆಸಿದ್ದು ನಾಯಿಯ ತಟ್ಟೆ. ಒಂದು ರಾತ್ರಿ ನೀರು ಕುಡಿಯಲು ಎದ್ದವನು ಹಿತ್ತಲ ದೀಪ ಹಾಕಿದೆ. ತಟ್ಟೆಯ ಸುತ್ತ ಮೂರು ಇಲಿ, ಒಂದು ತಟ್ಟೆಯೊಳಗೇ ಕೂತು ಮುಂಗಾಲಲ್ಲಿ ಕಾಳು ಹಿಡಿದು ನಿಧಾನಕ್ಕೆ ತಿನ್ನುತ್ತಿತ್ತು, ನನ್ನನ್ನು ನೋಡಿದರೂ ಅವಸರ ಪಡಲಿಲ್ಲ. ಮರುದಿನ ನಾಯಿ ಬಿಟ್ಟದ್ದನ್ನು ತಕ್ಕಡಿಯಲ್ಲಿ ಹಾಕಿದೆ. 90 ಗ್ರಾಂ. ಆರು ಇಲಿಗೆ ದಿನದ ಊಟ, ನಾನೇ ಬಡಿಸುತ್ತಿದ್ದೆ! ರಾಗಿ ಮೂಟೆಯ ತಳದಲ್ಲಿ ತೂತು, ಕೋಳಿಗೆ ಚೆಲ್ಲಿದ ನುಚ್ಚು, ಮುಚ್ಚಳವಿಲ್ಲದ ಮುಸುರೆ ಬಕೆಟ್ಟು ಎಲ್ಲ ಸೇರಿ ಇಪ್ಪತ್ತು ಇಲಿಗೆ ಸಾಕಾಗಿ ಮಿಗುತ್ತಿತ್ತು. ಇಷ್ಟು ಇರುವಾಗ ಬೋನಿನೊಳಗಿನ ಒಂದು ಚೂರು ಕೊಬ್ಬರಿಗೆ ಯಾವ ಬುದ್ಧಿವಂತ ಇಲಿ ಬರುತ್ತೆ?

ಆಮೇಲೆ ಕ್ರಮ ಬದಲಿಸಿದೆ. ಮೊದಲು ಊಟ ಕಟ್ಟು. ರಾಗಿ ತಗಡಿನ ಡ್ರಮ್ಮಿಗೆ ಹೋಯಿತು (ಪ್ಲಾಸ್ಟಿಕ್ ಬೇಡ, ಕಡಿದು ಹಾಕುತ್ತವೆ). ನಾಯಿ ತಟ್ಟೆ ಅರ್ಧ ಗಂಟೆಯಲ್ಲಿ ಎತ್ತಿಡುವುದು, ನುಚ್ಚು ಸಂಜೆಗೆ ಗುಡಿಸುವುದು, ಮುಸುರೆಗೆ ಮುಚ್ಚಳ. ಹತ್ತು ದಿನ ಬಿಟ್ಟು ಒಂದಲ್ಲ, ಹನ್ನೆರಡು ಬೋನು, ಅರ್ಧಕ್ಕರ್ಧ ನೆಂಟರಿಂದ ಎರವಲು. ಎಲ್ಲವನ್ನೂ ಗೋಡೆ ಬದಿಗೆ, ಅವು ಮೈ ಉಜ್ಜಿಕೊಂಡು ಓಡಾಡಿ ಕಪ್ಪು ಜಿಡ್ಡಿನ ಗೆರೆ ಬಿದ್ದಿದೆಯಲ್ಲ, ಅಲ್ಲೇ ಇಟ್ಟೆ. ಐದು ದಿನ ಬಾಗಿಲು ಬೀಳದ ಹಾಗೆ ಕಟ್ಟಿ ಸುಮ್ನೆ ತಿನ್ನಲು ಬಿಟ್ಟೆ. ಆರನೇ ರಾತ್ರಿ ಎಲ್ಲವನ್ನೂ ಒಟ್ಟಿಗೆ ಹೂಡಿದೆ. ಮೂರು ರಾತ್ರಿಯಲ್ಲಿ 14 ಬಿದ್ದವು, ಐದು ದೊಡ್ಡ ಹೆಣ್ಣು. ತೂತು ಮುಚ್ಚಿದ್ದು ಇದಾದ ಮೇಲೆ. ಮೊದಲೇ ಮುಚ್ಚಿದ್ದರೆ ಅವು ಒಳಗೇ ಸಿಕ್ಕಿಕೊಂಡು ಸಾಯುತ್ತಿದ್ದವು, ಇಲ್ಲವೇ ಹೊಸ ತೂತು ಕೊರೆಯುತ್ತಿದ್ದವು. ಹೆಬ್ಬೆರಳು ತೂರುವ ಸಂದಿ ಇದ್ದರೂ ಸಾಕು ಅವಕ್ಕೆ, ಹಾಗಾಗಿ ಮೋರಿ ಬಾಯಿಗೆ ಕಬ್ಬಿಣದ ಜಾಲರಿ, ಬಾಗಿಲ ಕೆಳಗೆ ತಗಡು, ಮಾಡಿಗೆ ಬಾಗಿದ್ದ ಸೀಬೆ ಕೊಂಬೆ ಕಡಿದದ್ದು.

ಕಾಯಿ ಮಾತ್ರ ಅಟ್ಟದಲ್ಲೇ ಇದೆ, ಅದನ್ನು ಎಲ್ಲಿಗೆ ಸಾಗಿಸೋದು? ಸಿಪ್ಪೆಯ ನಾರಿನಲ್ಲಿ ಗೂಡು ಕಟ್ಟುವ ಆಸೆ ಅವಕ್ಕೆ ಹೋಗುವುದಿಲ್ಲ. ಅದಕ್ಕೇ ವಾರಕ್ಕೊಮ್ಮೆ ಅಟ್ಟದ ಹಲಗೆ ಮೇಲೆ ಒಂದು ಹಿಡಿ ರಾಗಿ ಹಿಟ್ಟು ತೆಳುವಾಗಿ ಉದುರಿಸಿ ಬೆಳಗ್ಗೆ ಹೆಜ್ಜೆ ನೋಡುತ್ತೇನೆ, ನೋಡಿ ಗುಡಿಸಿಬಿಡುತ್ತೇನೆ. ಹೋದ ತಿಂಗಳು ಒಂದೇ ಒಂದು ಸಾಲು ಹೆಜ್ಜೆ ಕಂಡಿತು. ಅದರ ಜಾಡು ಹಿಡಿದು ಹೋದರೆ ಅತ್ತೆ ಗುಬ್ಬಿಗೆ ಅಂತ ಸೂರಿನ ಕೆಳಗೆ ಅಕ್ಕಿ ಇಡಲು ಶುರುಮಾಡಿದ್ದರು.