ಮಾರಾಟದ ವ್ಯತ್ಯಾಸ: ಎರಡು ಭಾಗವೋ, ಮೂರು ಭಾಗವೋ?

ಮಾಟುಂಗದ ಉಡುಪಿ ಹೋಟೆಲೊಂದರ ಒಂದು ವಾರದ ಲೆಕ್ಕ ಎಂದಿಟ್ಟುಕೊಳ್ಳಿ. ಬಜೆಟ್‌ನಲ್ಲಿ ಇಡ್ಲಿ 600 ಪ್ಲೇಟು, ಪ್ಲೇಟಿಗೆ ಕಾಂಟ್ರಿಬ್ಯೂಷನ್, ಅಂದರೆ ಬೆಲೆಯಲ್ಲಿ ಆ ಪ್ಲೇಟಿಗಾಗುವ ಖರ್ಚು ಕಳೆದು ಉಳಿಯುವುದು, 20 ರೂ.; ಮಸಾಲೆದೋಸೆ 400, ತಲಾ 40 ರೂ. ಒಟ್ಟು 28,000, ಅಂದರೆ ಸರಾಸರಿ ಪ್ಲೇಟಿಗೆ 28. ನಿಜಕ್ಕೆ ಹೋದದ್ದು ಇಡ್ಲಿ 800, ದೋಸೆ 300. ದೋಸೆಯ ಬೆಲೆ 90ರಿಂದ 95ಕ್ಕೆ ಏರಿತ್ತು, ಖರ್ಚು ಬಜೆಟ್‌ನಂತೆಯೇ ಇತ್ತು. ಕಾಂಟ್ರಿಬ್ಯೂಷನ್ 29,500, ಬಜೆಟ್‌ಗಿಂತ 1,500 ಹೆಚ್ಚು.

ಈ ವ್ಯತ್ಯಾಸವನ್ನು ಎರಡೇ ಭಾಗ ಮಾಡಿದರೆ ಬೆಲೆ ವ್ಯತ್ಯಾಸ 300 × 5 = 1,500 ಲಾಭ; ಇಡ್ಲಿಯಲ್ಲಿ ಬಂದ 200 × 20 ದೋಸೆಯಲ್ಲಿ ಹೋದ 100 × 40ಕ್ಕೆ ಸರಿಹೋಗಿ ಪ್ರಮಾಣ ವ್ಯತ್ಯಾಸ ಸೊನ್ನೆ. ಬೇಗ ಮುಗಿಯುತ್ತದೆ, ಒಂದೇ ಬಗೆಯ ಸರಕು ಮಾರುವವರಿಗೆ ಸಾಕು. ಇಲ್ಲಿ ಮಾತ್ರ ಆ ಸೊನ್ನೆಯನ್ನು ನಂಬಬೇಡಿ.

ಮೂರು ಭಾಗ ಮಾಡಿದಾಗ ಅದು ಒಡೆಯುತ್ತದೆ. 100 ಪ್ಲೇಟು ಹೆಚ್ಚು ಹೋದದ್ದಕ್ಕೆ 100 × 28 = 2,800 ಲಾಭ. ಆದರೆ 1,100 ಪ್ಲೇಟು ಹಳೆಯ 60:40 ಪಾಲಿನಲ್ಲೇ ಹೋಗಿದ್ದರೆ 30,800 ಬರಬೇಕಿತ್ತು. ಬಜೆಟ್ ದರದಲ್ಲಿ ಬಂದದ್ದು 28,000. ಮಿಶ್ರಣದಲ್ಲಿ, ಅಂದರೆ ಇಡ್ಲಿ-ದೋಸೆಗಳ ಪಾಲು ಬದಲಾದದ್ದರಿಂದ, 2,800 ನಷ್ಟ.

ಬೆಲೆಯ ಲಾಭವನ್ನೂ ಮಿಶ್ರಣದ ನಷ್ಟವನ್ನೂ ಜೊತೆಗಿಟ್ಟು ಓದಬೇಕು: ಐದು ರೂಪಾಯಿ ಏರಿಸಿದ್ದಕ್ಕೇ ಗಿರಾಕಿ ಇಡ್ಲಿಗೆ ಹೊರಳಿರಬಹುದು. ಲೆಕ್ಕ ಅದನ್ನು ಸಾಬೀತುಮಾಡದು, ಕೌಂಟರಿನಲ್ಲಿ ವಿಚಾರಿಸಬೇಕು.

ಸಾಮಾನ್ಯ ತಪ್ಪೆಂದರೆ ಮಿಶ್ರಣಕ್ಕೆ ನಿಜವಾದ ಖರ್ಚು ಹಾಕುವುದು. ಉದ್ದಿನಬೇಳೆ ತುಟ್ಟಿಯಾದದ್ದೂ ಆಗ ಮಾರಾಟದ ತಲೆಗೇ ಬರುತ್ತದೆ. ಇನ್ನು ಮದುವೆ ಕೇಟರಿಂಗ್ ಆರ್ಡರನ್ನು ಈ ಮಿಶ್ರಣಕ್ಕೆ ಸೇರಿಸಬೇಡಿ. ದೋಸೆಯ ಬದಲಿಗೆ ಅದನ್ನು ಯಾರೂ ಕೊಳ್ಳುವುದಿಲ್ಲ.