ಕೆಟಲಾಗ್ ನಂದು ಅಂತ ತಿಳ್ಕೊಂಡಿದ್ದೆ, ಇದ್ದದ್ದು ಅವನ ಅಕೌಂಟಿನ್ಯಾಗ

ಗದಗ-ಬೆಟಗೇರ್ಯಾಗ ನಂದೊಂದು ಸಣ್ಣ ಅಂಗಡಿ ಐತ್ರಿ, ಖಣದ ರೆಡಿಮೇಡ್ ಬ್ಲೌಸ್ ಮಾರ್ತೀನಿ. ಇನ್‌ಸ್ಟಾದಾಗ ಫೋಟೋ ಒತ್ತಿದ್ರ ರೇಟ್ ಕಾಣಬೇಕು, ಅಲ್ಲಿಂದ ನಮ್ಮ ವೆಬ್‌ಸೈಟಿಗೆ ಬಂದು ರೊಕ್ಕ ಕಟ್ಟಬೇಕು ಅಂತ ಹೇಳಿ ಒಬ್ಬ ಹುಡುಗಗ 8,000 ಕೊಟ್ಟು ಕೆಟಲಾಗ್, ಅಂದ್ರ ಫೋಟೋಕ್ಕ ಜೋಡ್ಸೋ ಮಾಲಿನ ಪಟ್ಟಿ, ಮಾಡ್ಸಿದೆ. ಕೆಲಸ ಚೊಲೋನ ಮಾಡಿದ್ದ, ಸುಳ್ಳ್ಯಾಕ ಹೇಳ್ಲಿ. 14 ಡಿಸೈನು, ಒಂದೊಂದಕ್ಕ 34ರಿಂದ 40ರ ತನಕ ನಾಲ್ಕು ಸೈಜು, ಮಾಲಿನ ವಿವರ ತುಂಬಿದ ಶೀಟಿನ್ಯಾಗ 56 ಸಾಲು, ಒಂದು ಡಿಸೈನಿನ ನಾಲ್ಕೂ ಸೈಜಿಗೆ ಒಂದ `item_group_id` ಹಾಕಿದ್ದಕ್ಕ ಒಂದ ಬ್ಲೌಸಿನೊಳಗ ಎಲ್ಲಾ ಸೈಜು ಕಾಣ್ತಿದ್ವು.

ಆದ್ರ ಶುರುವಿನ್ಯಾಗ ಅವ ಒಂದು ಮಾತು ಅಂದಿದ್ದ, "ನಿಮಗ್ಯಾಕ ತ್ರಾಸ ಅಕ್ಕಾರ, ಎಲ್ಲಾ ನನ್ನ ಕಡೆಯಿಂದನ ಮಾಡ್ತೀನಿ, ನೀವು ಮೊಬೈಲಿಗೆ ಬಂದ ರಿಕ್ವೆಸ್ಟ್ ಒಪ್ಕೊಳ್ರಿ ಸಾಕು." ನಾನೂ ಒಪ್ಕೊಂಡೆ.

ಆಮ್ಯಾಲೆ ತಿಂಗಳಾ 1,500 ಬೇಕಂದ, ನಾ ಆಗೂದಿಲ್ಲಂದೆ. ಒಂದು ವಾರಕ್ಕ, ಅದೂ ಪಂಚಮಿ ಹಬ್ಬದ ಮುಂದ, ಹಾವೇರಿಯ ಒಬ್ಬ ಕಸ್ಟಮರ್ ಮೆಸೇಜ್ ಮಾಡಿದ್ರು, "ಅಕ್ಕಾ, ಫೋಟೋದ ಮ್ಯಾಲಿನ ರೇಟ್ ಎಲ್ಲಿ ಹೋದ್ವು?" ನೋಡಿದ್ರ 37 ಪೋಸ್ಟಿನ್ಯಾಗ ರೇಟ್ ತೋರ್ಸೋ ಟ್ಯಾಗೂ ಮಾಯ, ಕೆಟಲಾಗ್ ನೋಡ್ಕೊಳ್ಳೋ Commerce Manager ತೆಗೆದ್ರ ಕೆಟಲಾಗ್ ಹೆಸರ ಇಲ್ಲ. ಅವ ಅದನ್ನ ತನ್ನ ಬಿಸಿನೆಸ್ ಅಕೌಂಟಿನ್ಯಾಗ ಮಾಡಿ ನನಗ ಬಳಸ್ಲಿಕ್ಕೆ ಅಷ್ಟ ಕೊಟ್ಟಿದ್ದ, ಈಗ ಅದನ್ನೂ ತೆಗೆದಿದ್ದ. ಒಬ್ಬರ ಬಿಸಿನೆಸ್ ಅಕೌಂಟಿನ್ಯಾಗ ಹುಟ್ಟಿದ ಕೆಟಲಾಗ್ ಇನ್ನೊಬ್ಬರ ಹೆಸರಿಗೆ ಬದಲಿ ಆಗೂದಿಲ್ರಿ, ಅವ ಮನಸ್ಸು ಮಾಡಿದ್ರೂ ಹಂಚ್ಕೊಬಹುದು ಅಷ್ಟ.

ಪುಣ್ಯಕ್ಕ ಶೀಟಿನ ಒಂದು ಕಾಪಿ ವಾಟ್ಸಾಪಿನ್ಯಾಗ ಉಳ್ದಿತ್ತು. ಅದನ್ನ ಹಾಕಿ ನನ್ನ ಹೆಸರಿನ್ಯಾಗ ಹೊಸಾ ಕೆಟಲಾಗ್ ಮಾಡಿದೆ, ಒಂದೊಂದು ಸಾಲಿನ `id` ಎಲ್ಲಾ ಮೊದಲಿನ್ವ ಇಟ್ಟೆ, ಆದ್ರೂ ಹಳೇ ಪೋಸ್ಟಿಗೆ ಟ್ಯಾಗ್ ವಾಪಸ್ ಬರ್ಲಿಲ್ಲ. 37 ಪೋಸ್ಟಿಗೂ ಒಂದೊಂದಾಗಿ ಕೈಲೆ ಟ್ಯಾಗ್ ಹಾಕೂದ್ರಾಗ ಮೂರು ರಾತ್ರಿ ಹೋದ್ವು, ಅಷ್ಟೊತ್ತಿಗೆ ಹಬ್ಬದ ವ್ಯಾಪಾರ ಮುಗ್ದಿತ್ತು.

ಯಾರ ಕಡೆಯಿಂದಾದ್ರೂ ಮಾಡ್ಸಿದವ್ರು ಇವತ್ತ ನೋಡ್ಕೊಳ್ರಿ. business.facebook.com ಒಳಗ ಸೆಟ್ಟಿಂಗ್ಸಿಗೆ ಹೋಗಿ Data sources, ಅದ್ರಾಗ Catalogs ಒತ್ರಿ, ನಿಮ್ಮ ಕೆಟಲಾಗಿನ ಮುಂದ Owned by ಅಂತ ಇರೋ ಕಡೆ ನಿಮ್ಮ ಅಂಗಡಿ ಹೆಸರು ಇರಬೇಕು. ಬ್ಯಾರೆ ಹೆಸರಿದ್ರ ಜಗಳ ಆಗೂಕಿಂತ ಮೊದ್ಲ ಶೀಟ್ ಇಳಿಸ್ಕೊಂಡು ಇಟ್ಕೊಳ್ರಿ.

ಹೊಸದಾಗಿ ಮಾಡ್ಸವ್ರು ಬಿಸಿನೆಸ್ ಅಕೌಂಟ್ ಮೊದ್ಲು ನೀವ ತೆಗೀರಿ, ಫೇಸ್‌ಬುಕ್ ಪೇಜು ಇನ್‌ಸ್ಟಾ ಎರಡೂ ಅದಕ್ಕ ಸೇರಿಸಿ ಖಾಲಿ ಕೆಟಲಾಗ್ ನಿಮ್ಮ ಕೈಲೆನ ಮಾಡ್ರಿ, ಆಮ್ಯಾಲೆ ಕೆಲಸದವನ ಬಿಸಿನೆಸ್ ಐಡಿ ನಂಬರ್ ಇಸ್ಕೊಂಡು ಅವನ್ನ Partner ಅಂತ ಸೇರಿಸಿ ಆ ಕೆಟಲಾಗ್ ಒಂದನ್ನ ಅಷ್ಟ ಕೊಡ್ರಿ. ಶೀಟೂ ನಿಮ್ಮ ಜಿಮೇಲಿನ್ಯಾಗನ ಇರ್ಲಿ. ನಾ ಈಗ ಬ್ಯಾರೆ ಒಬ್ಬಾಕಿ ಕಡೆ ಮಾಡ್ಸಾಕತ್ತೀನಿ, ಆಕಿನ ತಾನಾಗಿ "ನಿಮ್ಮ ಅಕೌಂಟಿನಿಂದನ ಶುರು ಮಾಡ್ರಿ" ಅಂದ್ಳು.